ಅಜ್ಜ ಅಜ್ಜಿಯ ಟಿವಿಯಲ್ಲಿ ವಿಡಿಯೊ ಕರೆ: ಮೊದಲು ಧ್ವನಿ, ಆಮೇಲೆ ಚಿತ್ರ

ಕಡಲಾಚೆ ಇರುವ ಅಜ್ಜ ಅಜ್ಜಿಗೆ ಮೊಬೈಲಿನಲ್ಲಿ ವಿಡಿಯೊ ಕರೆ ಮಾಡಿದವರಿಗೆಲ್ಲ ಈ ದೃಶ್ಯ ಗೊತ್ತು. ಮಾತು ಶುರುವಾದಾಗ ಅವರ ಮುಖ ನೆಟ್ಟಗೆ ಕಾಣುತ್ತದೆ. ಕೈ ಸೋಲುತ್ತ ಬಂದಂತೆ ಫೋನು ವಾಲಿ, ಕೊನೆಗೆ ಹಣೆ ಮತ್ತು ಮೇಲಿನ ಫ್ಯಾನು ಮಾತ್ರ ಉಳಿಯುತ್ತವೆ. ಅವರ ಕಡೆಯಲ್ಲೂ ಹಾಗೆಯೇ, ಮೊಮ್ಮಕ್ಕಳ ಮುಖ ಹೆಬ್ಬೆರಳಿನಷ್ಟೇ ದೊಡ್ಡದು. ಅವರ ಮನೆಯ ಟಿವಿಯಲ್ಲೇ ಕರೆ ಮೂಡುವಂತೆ ಮಾಡಿಕೊಟ್ಟರೆ ಈ ಎರಡೂ ತೊಂದರೆಗಳು ಒಟ್ಟಿಗೆ ನೀಗುತ್ತವೆ. ನೀವು ಅಲ್ಲಿಗೆ ಹೋದಾಗ, ಅಥವಾ ಹತ್ತಿರದಲ್ಲಿರುವ ಬಂಧುವೊಬ್ಬರ ಕೈಯಲ್ಲಿ, ಒಂದು ಮಧ್ಯಾಹ್ನದಲ್ಲಿ ಇದನ್ನು ಮಾಡಿಸಬಹುದು.

ಇದಕ್ಕೆ ದಾರಿ ಎರಡು. ಫೋನಿನ ತೆರೆಯನ್ನು ಟಿವಿಗೆ ಕಾಸ್ಟ್ ಮಾಡುವುದು, ಅಂದರೆ ಫೋನಿನಲ್ಲಿ ಕಾಣುವುದನ್ನು ವೈರಿಲ್ಲದೆ ಟಿವಿಯಲ್ಲೂ ಮೂಡಿಸುವುದು, ಮೊದಲನೆಯದು. ಟಿವಿಗೇ ಕ್ಯಾಮೆರಾ ಜೋಡಿಸಿ, ಟಿವಿಯೊಳಗಿನ ಆ್ಯಪ್‌ನಿಂದಲೇ ಮಾತನಾಡುವುದು ಎರಡನೆಯದು. ಯಾವುದನ್ನು ಆಯ್ದುಕೊಂಡರೂ ಚಿತ್ರವನ್ನು ಟಿವಿಗೆ ತಲುಪಿಸುವುದು ಅಷ್ಟೇನೂ ಕಷ್ಟವಲ್ಲ. ಕೆಡುವುದು ಹೆಚ್ಚಾಗಿ ಧ್ವನಿ. ಒಂದೆರಡು ವಾರ ಬಳಸಿದ ಮೇಲೆ ಅಜ್ಜ ಅಜ್ಜಿ ಮತ್ತೆ ಫೋನನ್ನೇ ಕೈಗೆತ್ತಿಕೊಂಡರೆ, ಮಾತು ಸರಿಯಾಗಿ ಕೇಳದಿರುವುದೇ ಬಹುಪಾಲು ಕಾರಣವಾಗಿರುತ್ತದೆ. ಆದ್ದರಿಂದ ಮೊದಲು ಧ್ವನಿಯ ವಿಷಯವನ್ನೇ ತಿಳಿದುಕೊಳ್ಳೋಣ.

ಪ್ರತಿಧ್ವನಿ ಎಲ್ಲಿ ಹುಟ್ಟುತ್ತದೆ

ಕರೆಯ ಆ್ಯಪ್‌ ಒಂದು ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುತ್ತದೆ. ಸ್ಪೀಕರಿನಿಂದ ಹೊರಟ ಮೊಮ್ಮಗಳ ಧ್ವನಿ ಕೋಣೆಯಲ್ಲಿ ಸುತ್ತಿ ಅಲ್ಲಿನ ಮೈಕಿಗೆ ಬೀಳುತ್ತದೆ. ತಾನು ಯಾವ ಧ್ವನಿಯನ್ನು ಯಾವಾಗ ಹೊರಬಿಟ್ಟೆ ಎಂಬುದು ಆ್ಯಪ್‌ಗೆ ಗೊತ್ತಿರುವುದರಿಂದ, ಮೈಕಿಗೆ ಬಂದದ್ದರಲ್ಲಿ ಅಷ್ಟನ್ನು ಕಳೆದು ಉಳಿದದ್ದನ್ನು ಮಾತ್ರ ಕಳುಹಿಸುತ್ತದೆ. ಮೈಕು ಮತ್ತು ಸ್ಪೀಕರು ಎರಡೂ ಒಂದೇ ಸಾಧನದ ಹತೋಟಿಯಲ್ಲಿದ್ದಾಗ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ಮೈಕು ಫೋನಿನದು, ಸದ್ದು ಬರುವುದು ಟಿವಿಗೆ ಜೋಡಿಸಿದ ಸೌಂಡ್‌ಬಾರಿನಿಂದ ಎಂದಾದರೆ ನಡುವೆ ಎಲ್ಲೋ ತಡವಾಗುತ್ತದೆ, ಲೆಕ್ಕ ತಪ್ಪುತ್ತದೆ, ಪ್ರತಿಧ್ವನಿ ಶುರುವಾಗುತ್ತದೆ.

ಇಲ್ಲಿ ನೆನಪಿಡಬೇಕಾದ ಸಂಗತಿಯೊಂದಿದೆ. ಅಜ್ಜನ ಮನೆಯಲ್ಲಿ ಹುಟ್ಟುವ ಪ್ರತಿಧ್ವನಿ ಅಜ್ಜನಿಗೆ ಕೇಳುವುದಿಲ್ಲ, ನಿಮಗೆ ಕೇಳುತ್ತದೆ. ನಿಮ್ಮ ಮಾತೇ ಅರೆಕ್ಷಣದ ಮೇಲೆ ನಿಮಗೆ ಮರಳಿ ಕೇಳಿಸಿದರೆ, ನಿಮ್ಮ ಫೋನನ್ನು ತಿರುಚುತ್ತ ಕೂರಬೇಡಿ. ಸರಿಪಡಿಸಬೇಕಾದದ್ದು ಆ ಕಡೆಯ ಕೋಣೆಯಲ್ಲಿದೆ. ಅಲ್ಲಿ ಕುಳಿತವರಿಗೆ ಎಲ್ಲವೂ ಸರಿಯಾಗಿಯೇ ಕೇಳುತ್ತಿರುವುದರಿಂದ, ತೊಂದರೆಯನ್ನು ನೀವೇ ಹೇಳಬೇಕಾಗುತ್ತದೆ.

ಮೊದಲ ದಾರಿ: ಫೋನಿನಿಂದ ಟಿವಿಗೆ ಕಾಸ್ಟ್

ಅಜ್ಜ ಅಜ್ಜಿಗೆ ಈಗಾಗಲೇ ಫೋನಿನಲ್ಲಿ ಕರೆ ಸ್ವೀಕರಿಸುವ ಅಭ್ಯಾಸವಿದ್ದರೆ ನಾನು ಸೂಚಿಸುವುದು ಇದನ್ನೇ. ಅವರು ಬಳಸುತ್ತಿರುವ ಆ್ಯಪ್‌ ಬದಲಾಗುವುದಿಲ್ಲ. ವಾಟ್ಸಾಪ್‌ಗೆ ಟಿವಿಯಲ್ಲಿ ಓಡುವ ಆ್ಯಪ್‌ ಇಲ್ಲದಿರುವುದರಿಂದ, ವಾಟ್ಸಾಪ್ ಕರೆಯೇ ಬೇಕು ಎನ್ನುವವರಿಗೆ ಕಾಸ್ಟ್ ಮಾಡುವುದೇ ಸುಲಭದ ದಾರಿ.

ಮೊದಲು ಫೋನು ಮತ್ತು ಟಿವಿ ಒಂದೇ ಬಗೆಯ ಕಾಸ್ಟಿಂಗ್ ಬಲ್ಲವೇ ಎಂದು ನೋಡಿ. ಐಫೋನ್ ಏರ್‌ಪ್ಲೇ ಮೂಲಕ ಕಳುಹಿಸುತ್ತದೆ. ಆಂಡ್ರಾಯ್ಡ್ ಫೋನುಗಳು ಗೂಗಲ್ ಕಾಸ್ಟ್ ಅಥವಾ ಮಿರಾಕಾಸ್ಟ್ ಮೂಲಕ ಕಳುಹಿಸುತ್ತವೆ, ಕೆಲವು ಎರಡನ್ನೂ ಬಲ್ಲವು. ಟಿವಿಯ ಕೈಪಿಡಿಯಲ್ಲಿ ಈ ಹೆಸರುಗಳಲ್ಲಿ ಯಾವುದಿದೆ ಎಂದು ಹುಡುಕಿ. ಹೊಂದದಿದ್ದರೆ ಟಿವಿಯ ಎಚ್‌ಡಿಎಂಐ ಕಿಂಡಿಗೆ ಸಿಕ್ಕಿಸುವ, ಫೋನಿಗೆ ಒಗ್ಗುವ ಸ್ಟ್ರೀಮಿಂಗ್ ಸಾಧನವೊಂದನ್ನು ತರಬೇಕು. ಫೋನನ್ನೂ ಟಿವಿಯನ್ನೂ ಒಂದೇ ವೈಫೈಗೆ ಸೇರಿಸಿ. ಫೋನಿನ ಮೇಲಂಚಿನಿಂದ ಬೆರಳನ್ನು ಕೆಳಗೆಳೆದಾಗ ತೆರೆಯುವ ಗುಂಡಿಗಳ ಸಾಲಿನಲ್ಲಿ ಸ್ಯಾಮ್‌ಸಂಗ್ ಫೋನುಗಳಲ್ಲಿ Smart View, ಬೇರೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ Cast, ಐಫೋನಿನಲ್ಲಿ Screen Mirroring ಎಂದಿರುತ್ತದೆ. ಆಂಡ್ರಾಯ್ಡ್ ಆದರೆ ಆ ಗುಂಡಿಯನ್ನು ಎಳೆದು ಮೊದಲ ಸಾಲಿಗೇ ತಂದಿಡಿ. ಅಜ್ಜಿ ಅದನ್ನು ಎರಡನೆಯ ಪುಟದಲ್ಲಿ ಹುಡುಕುವಂತಾಗಬಾರದು.

ಇನ್ನು ಕರೆಯ ಕ್ರಮ. ಮೊದಲು ಕಾಸ್ಟ್, ಆಮೇಲೆ ಕರೆ ಎಂದು ಹಲವರು ಹೇಳಿಕೊಡುತ್ತಾರೆ. ಹಿರಿಯರಿಗೆ ಅದನ್ನು ತಿರುವುಮುರುವು ಮಾಡಿ ಕಲಿಸುವುದು ಒಳ್ಳೆಯದು. ಮೊದಲು ಎಂದಿನಂತೆ ಕರೆ ಸ್ವೀಕರಿಸಲಿ, ನಿಮ್ಮ ದನಿ ಕೇಳಲಿ. ಆಮೇಲೆ ಫೋನನ್ನು ಸ್ಟ್ಯಾಂಡಿನಲ್ಲಿ ಅಡ್ಡವಾಗಿ ಇಟ್ಟು, ಕಾಸ್ಟ್ ಗುಂಡಿಯನ್ನು ಒತ್ತಿ, ಟಿವಿಯ ಹೆಸರನ್ನು ಆರಿಸಲಿ. ಕಾಸ್ಟ್ ಕೈಕೊಟ್ಟರೂ ಕರೆ ಕಡಿಯುವುದಿಲ್ಲ, ಏನು ಮಾಡಬೇಕೆಂದು ನೀವೇ ಮಾತಿನಲ್ಲಿ ಹೇಳಿಕೊಡಬಹುದು. ಈ ಮೂರು ಹೆಜ್ಜೆಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದು ಟಿವಿಯ ಪಕ್ಕ ಅಂಟಿಸಿ. ಟಿವಿಯ ಹೆಸರು ಮಾದರಿಸಂಖ್ಯೆಯಂತೆ ಕಾಣುತ್ತಿದ್ದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಅದನ್ನು ಗುರುತು ಹತ್ತುವ ಹೆಸರಿಗೆ ಬದಲಾಯಿಸಿಡಿ. ಮೊದಲ ಸಲ ಟಿವಿ ಅನುಮತಿ ಕೇಳಿದರೆ, ಈ ಫೋನಿಗೆ ಯಾವಾಗಲೂ ಅನುಮತಿ ಎಂಬ ಆಯ್ಕೆಯನ್ನು ನೀವೇ ಒತ್ತಿಬಿಡಿ.

ಫೋನು ಅಡ್ಡ ಇರಬೇಕೆಂದದ್ದು ಸುಮ್ಮನೆ ಅಲ್ಲ. ನೆಟ್ಟಗಿಟ್ಟ ಫೋನಿನ ಚಿತ್ರ ಟಿವಿಯ ನಡುವೆ ಕಿರಿದಾದ ಪಟ್ಟಿಯಾಗಿ ಮೂಡುತ್ತದೆ, ಎರಡೂ ಬದಿ ಕಪ್ಪಾಗಿ ಉಳಿಯುತ್ತದೆ. ಅಷ್ಟು ದೊಡ್ಡ ಟಿವಿಯ ಪ್ರಯೋಜನವೇ ಹೋಗುತ್ತದೆ. ತೆರೆ ತಾನಾಗಿ ತಿರುಗುವ ಸೆಟ್ಟಿಂಗ್ ಚಾಲೂ ಇದೆಯೇ ನೋಡಿಕೊಳ್ಳಿ, ಮತ್ತು ಮೊಮ್ಮಕ್ಕಳ ಕಡೆಯೂ ಫೋನನ್ನು ಅಡ್ಡ ಹಿಡಿಯಲು ಹೇಳಿ.

ಚಿತ್ರ ಟಿವಿಗೆ ಹೋದರೂ ಧ್ವನಿ ಸಾಮಾನ್ಯವಾಗಿ ಫೋನಿನಲ್ಲೇ ಉಳಿಯುತ್ತದೆ. ಅನೇಕರು ಇದನ್ನು ದೋಷವೆಂದು ತಿಳಿದು ಗಂಟೆಗಟ್ಟಲೆ ಸೆಟ್ಟಿಂಗ್ ಹುಡುಕುತ್ತಾರೆ. ಹಾಡು, ಸಿನಿಮಾಗಳ ಸದ್ದನ್ನು ತೆರೆಯ ಜೊತೆಗೆ ಹೊರಗೆ ಕಳುಹಿಸಲು ಆಂಡ್ರಾಯ್ಡ್ ಬಿಡುತ್ತದೆ, ಕರೆಯ ಧ್ವನಿಯನ್ನು ಬಿಡುವುದಿಲ್ಲ. ಅದರ ರಚನೆಯೇ ಹಾಗಿದೆ. ಮೇಲೆ ಹೇಳಿದ ಪ್ರತಿಧ್ವನಿಯ ಲೆಕ್ಕವನ್ನು ನೆನೆದರೆ ಇದು ಒಳ್ಳೆಯದೇ ಆಯಿತು. ಮೈಕು, ಸ್ಪೀಕರು ಎರಡೂ ಫೋನಿನಲ್ಲೇ ಇರುವುದರಿಂದ ಪ್ರತಿಧ್ವನಿ ಹುಟ್ಟುವುದಿಲ್ಲ.

ಉಳಿಯುವ ಕೊರತೆಯೆಂದರೆ ಸದ್ದು ಸಾಲದಿರುವುದು. ಒಂದು ಮೀಟರ್ ಆಚೆ ಇಟ್ಟ ಫೋನಿನ ಪುಟ್ಟ ಸ್ಪೀಕರು ವಯಸ್ಸಾದ ಕಿವಿಗೆ ಎಟುಕುವುದಿಲ್ಲ. ಇದಕ್ಕೆ ಸಭೆಗಳಲ್ಲಿ ಮೇಜಿನ ನಡುವೆ ಇಡುತ್ತಾರಲ್ಲ, ಆ ಬಗೆಯ ಬ್ಲೂಟೂತ್ ಸ್ಪೀಕರ್‌ಫೋನ್ ಕೊಳ್ಳಿ. ಅಂಗೈಯಗಲದ ತಟ್ಟೆಯಾಕಾರದ ಸಾಧನವದು, ಮೈಕು, ಸ್ಪೀಕರು ಎರಡೂ ಅದರೊಳಗೇ ಇರುತ್ತವೆ, ಪ್ರತಿಧ್ವನಿ ಕಳೆಯುವ ಕೆಲಸವನ್ನು ಅದೇ ಮಾಡುತ್ತದೆ. ಹಾಡು ಕೇಳುವ ಸಾಮಾನ್ಯ ಬ್ಲೂಟೂತ್ ಸ್ಪೀಕರನ್ನು ಇದರ ಬದಲು ತರಬೇಡಿ, ಅದರಲ್ಲಿ ಮೈಕು ಇಲ್ಲದಿರಬಹುದು, ಇದ್ದರೂ ಹೆಸರಿಗಷ್ಟೇ ಇರಬಹುದು. ಸ್ಪೀಕರ್‌ಫೋನನ್ನು ಅಜ್ಜ ಅಜ್ಜಿಯ ಕೈಗೆಟುಕುವ ಮೇಜಿನ ಮೇಲೆ ಇಡಿ. ಸದ್ದೂ ಹತ್ತಿರದಿಂದ ಬರುತ್ತದೆ, ಅವರ ಮೆಲುದನಿಯೂ ಮೈಕಿಗೆ ಸಿಗುತ್ತದೆ. ಚಿತ್ರ ಕಾಸ್ಟ್ ಆಗಿ ಟಿವಿಗೆ ತಲುಪುವಷ್ಟರಲ್ಲಿ ಕೊಂಚ ತಡವಾಗುವುದರಿಂದ ತುಟಿಯ ಚಲನೆ ಮಾತಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹೆಚ್ಚಿನವರು ಇದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ. ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿದರೆ ಟಿವಿಯ ಪಾಲಿನ ತಡ ಕಡಿಮೆಯಾಗುತ್ತದೆ.

ಫೋನಿನ ತೆರೆಯ ಮೇಲೆ ಬರುವುದೆಲ್ಲ ಟಿವಿಯಲ್ಲೂ ಕಾಣುತ್ತದೆ ಎಂಬುದನ್ನು ಮರೆಯಬೇಡಿ. ಬ್ಯಾಂಕಿನ ಒಟಿಪಿ, ಬೇರೆಯವರ ಸಂದೇಶ, ಎಲ್ಲವೂ ದೊಡ್ಡದಾಗಿ ಮೂಡುತ್ತವೆ. ಸಂದೇಶಗಳ ಒಳಗಿನ ಮಾತು ತೆರೆಯ ಮೇಲೆ ತೋರದಂತೆ ಫೋನಿನ ಸೆಟ್ಟಿಂಗ್ ಬದಲಾಯಿಸಿಟ್ಟರೆ ಸಾಕು. ಇದರ ಬದಲು ಡು ನಾಟ್ ಡಿಸ್ಟರ್ಬ್ ಸದಾ ಹಾಕಿಟ್ಟರೆ ನಿಮ್ಮ ಕರೆಯೇ ರಿಂಗಾಗದೆ ಹೋಗಬಹುದು.

ಫೋನನ್ನು ಎಲ್ಲಿ ನಿಲ್ಲಿಸಬೇಕು

ಒಂದು ಕೋಣೆಯ ಉದಾಹರಣೆ ತೆಗೆದುಕೊಳ್ಳೋಣ. ಸೋಫಾದಿಂದ ಟಿವಿಗೆ 3 ಮೀಟರ್ ದೂರ. ಕ್ಯಾಮೆರಾ ಟಿವಿಯ ಬಳಿಯೇ ಇದೆ, ಅದರ ನೋಟದ ಅಗಲ ಅಡ್ಡಡ್ಡ ಸುಮಾರು 70 ಡಿಗ್ರಿ. ಸಾಮಾನ್ಯ ವೆಬ್‌ಕ್ಯಾಮ್‌ನದು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. 3 ಮೀಟರ್ ದೂರದಲ್ಲಿ ಅದಕ್ಕೆ ಕಾಣುವ ಅಗಲ 4 ಮೀಟರಿಗಿಂತ ಸ್ವಲ್ಪ ಹೆಚ್ಚು. ಅಜ್ಜಿಯ ಮುಖದ ಅಗಲ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಆ ಚಿತ್ರ ಅಡ್ಡ ಹಿಡಿದ ನಿಮ್ಮ ಫೋನಿನ 15 ಸೆಂಟಿಮೀಟರ್ ತೆರೆಯಲ್ಲಿ ಮೂಡಿದಾಗ ಅಜ್ಜಿಯ ಮುಖ ಬರೀ ಅರ್ಧ ಸೆಂಟಿಮೀಟರ್. ಸೋಫಾ, ಗೋಡೆ, ಪರದೆ ಎಲ್ಲ ಕಾಣುತ್ತದೆ, ನಗು ಕಾಣುವುದಿಲ್ಲ. ದೂರವನ್ನು 1.5 ಮೀಟರಿಗೆ ಇಳಿಸಿದರೆ ಮುಖ ಎರಡರಷ್ಟಾಗುತ್ತದೆ, 1.2 ಮೀಟರ್ ಆದರೆ ಇನ್ನೂ ಸೊಗಸು. ಅಷ್ಟು ಹತ್ತಿರದಲ್ಲೂ ಚೌಕಟ್ಟಿನಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಅಗಲ ಸಿಗುವುದರಿಂದ ಇಬ್ಬರು ಆರಾಮವಾಗಿ ಹಿಡಿಸುತ್ತಾರೆ.

ಕಾಸ್ಟ್ ಮಾಡುವ ದಾರಿಯ ದೊಡ್ಡ ಅನುಕೂಲ ಇಲ್ಲಿದೆ. ಫೋನೇ ಕ್ಯಾಮೆರಾ ಆದ್ದರಿಂದ ಅದು ಟಿವಿಯ ಬಳಿ ಇರಬೇಕಿಲ್ಲ. ನೆಲದ ಮೇಲೆ ನಿಲ್ಲುವ ಟ್ರೈಪಾಡಿನಲ್ಲಿ ಫೋನು ಸಿಕ್ಕಿಸಿ, ಸೋಫಾದಿಂದ 1.2 ಮೀಟರ್ ಮುಂದೆ, ಟಿವಿಯ ನಟ್ಟನಡುವಿನ ನೇರಕ್ಕೆ ಇಡಿ. ಎತ್ತರ ಎಷ್ಟೆಂದು ತಿಳಿಯಲು ಒಂದು ದಾರ ಸಾಕು. ಅಜ್ಜ ಕುಳಿತಾಗ ಅವರ ಕಣ್ಣಿನ ಮಟ್ಟದಿಂದ ಟಿವಿಯ ಕೆಳಅಂಚಿಗೆ ದಾರ ಎಳೆದು ಹಿಡಿಯಿರಿ. ಫೋನಿನ ಮೇಲಂಚು ಆ ದಾರಕ್ಕೆ ತಾಗದೆ ಸ್ವಲ್ಪ ಕೆಳಗಿರಬೇಕು. ಕಣ್ಣು ನೆಲದಿಂದ 1.1 ಮೀಟರ್, ಟಿವಿಯ ಕೆಳಅಂಚು 75 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಫೋನು ಸುಮಾರು 95 ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಹೀಗಿಟ್ಟರೆ ಟಿವಿ ನೋಡಲು ಫೋನು ಅಡ್ಡ ಬರುವುದಿಲ್ಲ. ಅಜ್ಜ ಟಿವಿಯನ್ನು ನೋಡುತ್ತಿದ್ದರೂ ನಿಮ್ಮನ್ನೇ ನೋಡುತ್ತಿರುವಂತೆ ಕಾಣುತ್ತದೆ. ಟ್ರೈಪಾಡಿನ ಕಾಲುಗಳ ಜಾಗವನ್ನು ನೆಲದ ಮೇಲೆ ಟೇಪಿನಿಂದ ಗುರುತು ಮಾಡಿಡಿ. ಕರೆ ಮುಗಿದ ಮೇಲೆ ಅದನ್ನು ಬದಿಗಿಡಬೇಕು. ನಡೆದಾಡುವ ದಾರಿಯಲ್ಲಿ ಟ್ರೈಪಾಡು, ಚಾರ್ಜರಿನ ವೈರು ಬಿದ್ದಿದ್ದರೆ ಎಡವುವ ಅಪಾಯ ಇದ್ದೇ ಇದೆ. ಕಾಸ್ಟ್ ಮಾಡುವಾಗ ಬ್ಯಾಟರಿ ಬೇಗ ಇಳಿಯುತ್ತದೆ, ಆದ್ದರಿಂದ ಕರೆಗೆ ಮುಂಚೆಯೇ ಚಾರ್ಜ್ ಮಾಡಿಟ್ಟುಕೊಂಡರೆ ವೈರಿನ ಗೊಡವೆಯೇ ಇರುವುದಿಲ್ಲ.

ಬೆಳಕಿನ ಬಗ್ಗೆ ಒಂದೇ ಮಾತು: ಕಿಟಕಿ ಅವರ ಬೆನ್ನ ಹಿಂದೆ ಇರಬಾರದು, ರಾತ್ರಿಯಾದರೆ ಟಿವಿಯ ಪಕ್ಕದಲ್ಲೊಂದು ದೀಪ ಅವರ ಮುಖದ ಕಡೆಗೆ ಉರಿಯುತ್ತಿರಲಿ.

ಎರಡನೆಯ ದಾರಿ: ಟಿವಿಗೇ ಕ್ಯಾಮೆರಾ

ಫೋನಿನ ಗುಂಡಿಗಳನ್ನು ಒತ್ತುವುದೇ ಕಷ್ಟ, ಬೆರಳು ನಡುಗುತ್ತದೆ, ರಿಮೋಟ್ ಮಾತ್ರ ಚೆನ್ನಾಗಿ ಒಗ್ಗಿದೆ ಎನ್ನುವವರಿಗೆ ಇದು ಮೇಲು. ಆದರೆ ಕ್ಯಾಮೆರಾ ಕೊಳ್ಳುವ ಮೊದಲು ಟಿವಿಯನ್ನು ಪರೀಕ್ಷಿಸಿ. ಟಿವಿಯ ಆ್ಯಪ್ ಅಂಗಡಿ ತೆರೆದು, ನೀವು ಬಳಸಬಯಸುವ ಕರೆಯ ಆ್ಯಪ್ ಅಲ್ಲಿದೆಯೇ ಎಂದು ಕಣ್ಣಾರೆ ನೋಡಿ. ಆಮೇಲೆ ಟಿವಿ ತಯಾರಕರು ಯಾವ ಕ್ಯಾಮೆರಾಗಳು ನಡೆಯುತ್ತವೆ ಎಂದು ಹೇಳಿದ್ದಾರೆ ಎಂಬುದನ್ನು ಓದಿ. ಟಿವಿಯ ಹಿಂದೆ ಯುಎಸ್‌ಬಿ ಕಿಂಡಿ ಇದ್ದ ಮಾತ್ರಕ್ಕೆ ವೆಬ್‌ಕ್ಯಾಮ್ ನಡೆಯುತ್ತದೆ ಎಂದಲ್ಲ. ಅನೇಕ ಟಿವಿಗಳಲ್ಲಿ ಅದು ಪೆನ್‌ಡ್ರೈವ್‌ಗಷ್ಟೇ ಮೀಸಲು. ಟಿವಿಯ ಬದಲು ಎಚ್‌ಡಿಎಂಐಗೆ ಸಿಕ್ಕಿಸುವ ಸ್ಟ್ರೀಮಿಂಗ್ ಸಾಧನಕ್ಕೆ ಕ್ಯಾಮೆರಾ ಜೋಡಿಸುವುದಾದರೆ ಅದರಲ್ಲಿ ಎಷ್ಟು ಕಿಂಡಿಗಳಿವೆ ಎಂದು ನೋಡಿ. ಕೆಲವದರಲ್ಲಿ ಇರುವುದು ಒಂದೇ ಕಿಂಡಿ, ಅದೂ ವಿದ್ಯುತ್ತಿಗೆ ಬೇಕು. ಆಗ ವಿದ್ಯುತ್ತನ್ನೂ ಹಾಯಿಸುವ ಯುಎಸ್‌ಬಿ ಹಬ್ ನಡುವೆ ಹಾಕಬೇಕಾಗುತ್ತದೆ.

ಆ್ಯಪಲ್ ಟಿವಿ ಬಳಸುವ ಮನೆಯಾದರೆ ಬೇರೆ ಕ್ಯಾಮೆರಾವೇ ಬೇಡ. 2023ರಲ್ಲಿ ಬಂದ ಟಿವಿಒಎಸ್ 17ರಿಂದ, ಎರಡನೆಯ ತಲೆಮಾರಿನ ಅಥವಾ ಅದರ ನಂತರದ ಆ್ಯಪಲ್ ಟಿವಿ 4ಕೆ ಸಾಧನದಲ್ಲಿ ಫೇಸ್‌ಟೈಮ್ ಓಡುತ್ತದೆ, ಐಫೋನ್ ಅದಕ್ಕೆ ಕ್ಯಾಮೆರಾ ಆಗುತ್ತದೆ. ಐಫೋನನ್ನು ಟಿವಿಯ ಮುಂದೆ ಅಡ್ಡವಾಗಿ, ಹಿಂಬದಿಯ ಕ್ಯಾಮೆರಾ ಕೋಣೆಯ ಕಡೆಗಿರುವಂತೆ ಇಟ್ಟರೆ ಸಾಕು. ಇಲ್ಲಿ ನಡೆಯುತ್ತಿರುವುದು ತೆರೆಯ ನಕಲು ಅಲ್ಲ, ಕರೆಯೇ ಟಿವಿಯಲ್ಲಿರುತ್ತದೆ, ಆದ್ದರಿಂದ ಧ್ವನಿಯೂ ಟಿವಿಯಿಂದಲೇ ಬರುತ್ತದೆ.

ಬೇರೆ ಟಿವಿಗಳಲ್ಲಿ ಕ್ಯಾಮೆರಾವನ್ನು ಟಿವಿಯ ಮೇಲಂಚಿನಲ್ಲಿ ಕೂರಿಸಿ, ಸ್ವಲ್ಪ ಕೆಳಕ್ಕೆ ಬಾಗಿಸಿ. ಮೇಲಿನ ಲೆಕ್ಕ ಇಲ್ಲಿ ನಿಮ್ಮ ವಿರುದ್ಧ ನಿಲ್ಲುತ್ತದೆ: 3 ಮೀಟರ್ ಆಚೆ ಕುಳಿತರೆ ಮುಖ ಚಿಕ್ಕದು, ವೆಬ್‌ಕ್ಯಾಮ್‌ನ ಮೈಕಿಗೆ ಮಾತಿಗಿಂತ ಕೋಣೆಯ ಮೊಳಗೇ ಹೆಚ್ಚು. ಕರೆಯ ಹೊತ್ತಿಗೆ ಎರಡು ಕುರ್ಚಿಗಳನ್ನು ಟಿವಿಯಿಂದ ಒಂದೂವರೆ ಮೀಟರಿಗೆ ಎಳೆದು ಹಾಕುವುದೇ ಇದಕ್ಕೆ ಸರಳ ಪರಿಹಾರ. ಸೌಂಡ್‌ಬಾರ್ ಇದ್ದರೆ ಕರೆಯ ವೇಳೆ ಟಿವಿಯ ಸ್ವಂತ ಸ್ಪೀಕರಿಗೆ ಬದಲಾಯಿಸಿ, ಸರೌಂಡ್ ತೆಗೆದುಹಾಕಿ. ಟಿವಿ ಆಫ್ ಆಗಿದ್ದರೆ ಹೆಚ್ಚಿನ ಟಿವಿಗಳಲ್ಲಿ ಕರೆ ರಿಂಗೇ ಆಗುವುದಿಲ್ಲ. ಆದ್ದರಿಂದ ಹೊತ್ತು ನಿಗದಿ ಮಾಡಿಕೊಳ್ಳಿ, ಇಲ್ಲವೇ ಮೊದಲು ಅವರ ಫೋನಿಗೆ ಕರೆ ಮಾಡಿ ಟಿವಿ ಹಾಕಲು ಹೇಳಿ. ಮುಚ್ಚಳವಿರುವ ಕ್ಯಾಮೆರಾವನ್ನೇ ಆರಿಸಿ, ಕರೆ ಮುಗಿದೊಡನೆ ಮುಚ್ಚುವುದನ್ನು ಅಭ್ಯಾಸ ಮಾಡಿಸಿ.

ಹೊರಡುವ ಮುನ್ನ ಮಾಡಬೇಕಾದ ಪರೀಕ್ಷೆ

ಎಲ್ಲ ಜೋಡಿಸಿದ ಮೇಲೆ, ಅಜ್ಜ ಅಜ್ಜಿಯನ್ನು ಅವರ ಜಾಗದಲ್ಲಿ ಕೂರಿಸಿ ನೀವು ಮನೆಯಿಂದ ಹೊರಗೆ ಬನ್ನಿ. ಒಳಗಿನ ಸದ್ದು ನೇರವಾಗಿ ನಿಮ್ಮ ಕಿವಿಗೆ ಬೀಳದಷ್ಟು ದೂರ ಹೋಗಿ, ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಕರೆ ಮಾಡಿ. ಒಂದು ಪದ ಜೋರಾಗಿ ಹೇಳಿ ಸುಮ್ಮನಾಗಿ. ಅದು ಮರಳಿ ಕೇಳಿಸಿದರೆ ಆ ಕಡೆಯ ಸದ್ದು ಹೆಚ್ಚಾಗಿದೆ, ಇಲ್ಲವೇ ಧ್ವನಿ ಬೇರೊಂದು ಸ್ಪೀಕರಿನಿಂದ ಹೊರಡುತ್ತಿದೆ. ಎರಡನೆಯ ಪರೀಕ್ಷೆ: ನೀವು ಮಾತನಾಡುತ್ತಿರುವಾಗಲೇ ಅಜ್ಜನಿಗೆ ಒಂದರಿಂದ ಹತ್ತು ಎಣಿಸಲು ಹೇಳಿ. ಅಂಕೆಗಳು ನುಂಗಿಹೋದರೆ, ಪ್ರತಿಧ್ವನಿಯನ್ನು ಕಳೆಯುವ ಭರದಲ್ಲಿ ಆ್ಯಪ್ ಅಜ್ಜನ ದನಿಯನ್ನೂ ಕಳೆಯುತ್ತಿದೆ ಎಂದರ್ಥ. ಸದ್ದನ್ನು ಒಂದೆರಡು ಹಂತ ಇಳಿಸಿ, ಸ್ಪೀಕರ್‌ಫೋನನ್ನು ಅವರಿಗೆ ಇನ್ನಷ್ಟು ಹತ್ತಿರ ತನ್ನಿ.

ಚಿತ್ರ ತಡವರಿಸಿದರೆ ತಪ್ಪು ಎಲ್ಲಿದೆ ಎಂದು ಕಂಡುಕೊಳ್ಳುವುದು ಸುಲಭ. ಕಾಸ್ಟ್ ಮಾಡುವಾಗ ಫೋನು ವೈಫೈಯನ್ನು ಎರಡು ಸಲ ಬಳಸುತ್ತದೆ, ಕರೆಯನ್ನು ತರಿಸಿಕೊಳ್ಳಲು ಒಮ್ಮೆ, ಚಿತ್ರವನ್ನು ಟಿವಿಗೆ ಕಳುಹಿಸಲು ಇನ್ನೊಮ್ಮೆ. ಫೋನಿನ ತೆರೆಯಲ್ಲಿ ಚಿತ್ರ ಸರಾಗವಾಗಿದ್ದು ಟಿವಿಯಲ್ಲಿ ಮಾತ್ರ ನಿಂತು ನಿಂತು ಬರುತ್ತಿದ್ದರೆ ತೊಂದರೆ ಮನೆಯೊಳಗಿನ ವೈಫೈಯದು. ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಾಯಿಸಿ, ರೂಟರನ್ನು ಅದೇ ಕೋಣೆಗೆ ತನ್ನಿ, ಸಾಧ್ಯವಾದರೆ ಟಿವಿಗೆ ನೆಟ್‌ವರ್ಕ್ ಕೇಬಲ್ ಹಾಕಿ. ಫೋನಿನಲ್ಲೂ ಚಿತ್ರ ನಿಲ್ಲುತ್ತಿದ್ದರೆ ಕಾಸ್ಟಿಂಗಿನ ತಪ್ಪಲ್ಲ. ಅವರ ಇಂಟರ್ನೆಟ್ ಅಥವಾ ನಿಮ್ಮ ಕಡೆಯ ಅಪ್‌ಲೋಡ್ ಸೊರಗಿದೆ. ಇಬ್ಬರ ನಡುವಿನ ಎಚ್‌ಡಿ ಕರೆಗೆ ಝೂಮ್ ಕೇಳುವುದು ಎರಡೂ ದಿಕ್ಕಿನಲ್ಲಿ ಸೆಕೆಂಡಿಗೆ 1.2 ಮೆಗಾಬಿಟ್ ಅಷ್ಟೇ. ಬೇಕಾಗುವುದು ವೇಗಕ್ಕಿಂತ ಹೆಚ್ಚಾಗಿ ಏರುಪೇರಿಲ್ಲದ ಸಂಪರ್ಕ.

ಕೆಲವು ದೇಶಗಳಲ್ಲಿ ಕೆಲವು ಆ್ಯಪ್‌ಗಳ ಕರೆಗೆ ತಡೆ ಇರುವುದರಿಂದ, ಸಾಧನಗಳನ್ನು ಕೊಳ್ಳುವ ಮೊದಲೇ ಬರೀ ಫೋನಿನಿಂದ ಫೋನಿಗೆ ಅದೇ ಆ್ಯಪ್‌ನಲ್ಲಿ ಕರೆ ಹೋಗುತ್ತದೆಯೇ ಎಂದು ನೋಡಿಕೊಂಡಿರಬೇಕು.

ಅಜ್ಜ ಅಥವಾ ಅಜ್ಜಿ ಶ್ರವಣ ಸಾಧನ ಹಾಕಿಕೊಳ್ಳುವವರಾಗಿದ್ದರೆ ಅದಕ್ಕೆ ಬ್ಲೂಟೂತ್ ಇದೆಯೇ ವಿಚಾರಿಸಿ. ಇದ್ದರೆ, ಒಬ್ಬರೇ ಮಾತನಾಡುವ ಹೊತ್ತಿನಲ್ಲಿ ಫೋನಿನ ಧ್ವನಿಯನ್ನು ನೇರವಾಗಿ ಅದಕ್ಕೇ ಕಳುಹಿಸಬಹುದು. ಚಿತ್ರ ಟಿವಿಯಲ್ಲಿ, ಮಾತು ಕಿವಿಯೊಳಗೇ. ಕೋಣೆಯಲ್ಲಿ ಸ್ಪೀಕರೇ ಇಲ್ಲದ್ದರಿಂದ ಪ್ರತಿಧ್ವನಿಯ ಪ್ರಶ್ನೆ ಏಳುವುದಿಲ್ಲ. ಇಬ್ಬರೂ ಕೇಳಬೇಕಾದಾಗ ಮತ್ತೆ ಸ್ಪೀಕರ್‌ಫೋನಿಗೆ ಬದಲಾಯಿಸಬೇಕು. ಕರೆಯ ತೆರೆಯಲ್ಲಿ ಸ್ಪೀಕರಿನ ಗುರುತನ್ನು ಒತ್ತಿದರೆ ಧ್ವನಿ ಎಲ್ಲಿಂದ ಬರಬೇಕೆಂಬ ಪಟ್ಟಿ ತೆರೆಯುತ್ತದೆ. ಆ ಒಂದು ಬದಲಾವಣೆಯನ್ನು ನೀವು ಅಲ್ಲಿರುವಾಗಲೇ ಅವರ ಕೈಯಿಂದಲೇ ಕೆಲವು ಸಲ ಮಾಡಿಸಿ.